ಕಡಲು ನೀಲಿಯಾಗಿ ಮಿಂಚುವುದೇಕೆ? ಮತ್ತೆ ಮತ್ತೆ ಬರುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕಡಲಿಲ್ಲ. ಆದರೂ ವರ್ಷಕ್ಕೊಮ್ಮೆಯಾದರೂ ಯಾರದ್ದಾದರೂ ಫೋನಿನಲ್ಲಿ ನೀಲಿ ಅಲೆಯ ವಿಡಿಯೋ ಬರುತ್ತದೆ, ಅದರ ಹಿಂದೆಯೇ ಪ್ರಶ್ನೆಗಳೂ ಬರುತ್ತವೆ. ಪಾರ್ಕಿನಲ್ಲಿ ಮಾತಾಡುವಾಗ, ಶಾಲೆಗಳಿಗೆ ಹೋದಾಗ, ಪತ್ರಗಳಲ್ಲಿ ಜನ ಕೇಳಿದ್ದನ್ನು ಅವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ. ಬೆಳಗುವ ಕಡಲಜೀವಿಗಳು ಸಾವಿರಾರು ಇವೆ. ನಮ್ಮ ಕರಾವಳಿಯಲ್ಲಿ ಕಾಣುವ ನೀಲಿ ಬೆಳಕಿಗೆ ಬಹಳ ಸಲ ಕಾರಣವಾಗುವ ಒಂದೇ ಒಂದು ಜೀವಿಯನ್ನು ಹಿಡಿದು ಹೊರಟಿದ್ದೇನೆ. ಅದರ ಹೆಸರು ನಾಕ್ಟಿಲ್ಯೂಕಾ ಸಿಂಟಿಲ್ಯಾನ್ಸ್.

## ಮೊದಲು ಕೇಳುವ ಪ್ರಶ್ನೆಗಳು

ಉಡುಪಿ ಕಡೆ ಅಲೆ ನೀಲಿಯಾಗಿ ಹೊಳೀತಿತ್ತಂತೆ. ನಿಜಾನಾ, ಇಲ್ಲಾ ಎಡಿಟ್ ಮಾಡಿದ ಫೋಟೋನಾ?

ನಿಜ. 2020ರ ನವೆಂಬರ್‌ನಲ್ಲಿ ಉಡುಪಿ, ಮಂಗಳೂರು ಕಡೆಯ ತೀರಗಳಲ್ಲಿ ಕಂಡಿತ್ತು, ಅದೇ ತಿಂಗಳು ಮುಂಬೈನಲ್ಲೂ ಕಂಡಿತ್ತು. ಅದಕ್ಕಿಂತ ಮುಂಚೆ 2019ರ ಆಗಸ್ಟ್‌ನಲ್ಲಿ ಚೆನ್ನೈ ತೀರದಲ್ಲಿ ಜನ ರಾತ್ರೋರಾತ್ರಿ ಸೇರಿದ್ದರು.

ಆದರೆ ಫೋಟೋದಲ್ಲಿ ಕಾಣುವಷ್ಟು ಗಾಢ ನೀಲಿ ಕಣ್ಣಿಗೆ ಕಾಣುತ್ತದೆ ಅಂದುಕೊಂಡು ಹೋಗಬೇಡಿ. ಕ್ಯಾಮೆರಾ ಹಲವು ಸೆಕೆಂಡ್ ಕಣ್ಣು ತೆರೆದಿಟ್ಟು ಬೆಳಕನ್ನು ಒಟ್ಟುಗೂಡಿಸುತ್ತದೆ, ನಮ್ಮ ಕಣ್ಣು ಹಾಗೆ ಮಾಡುವುದಿಲ್ಲ. ಜೊತೆಗೆ ಮಂದ ಬೆಳಕಿನಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಕೋಶಗಳಿಗೆ ಬಣ್ಣ ಗೊತ್ತಾಗುವುದಿಲ್ಲ, ಹಾಗಾಗಿ ಬೆಳಕು ಕಡಿಮೆ ಇದ್ದಾಗ ಅಲೆ ಬರೀ ಬೂದುಬಿಳಿಯಾಗಿ ಮಿಂಚಿದಂತೆ ಕಾಣುತ್ತದೆ. ಜೀವಿಗಳು ದಟ್ಟವಾಗಿದ್ದ ರಾತ್ರಿ ಮಾತ್ರ ನೀಲಿ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಈ ವೀಕೆಂಡ್ ರಾತ್ರಿ ಬಸ್ ಹಿಡಿದು ಹೋದ್ರೆ ನೋಡೋಕೆ ಸಿಗುತ್ತಾ?

ಗ್ಯಾರಂಟಿ ಯಾರೂ ಕೊಡಲಾರರು. ಆದರೆ ಸಾಧ್ಯತೆ ಯಾವಾಗ ಜಾಸ್ತಿ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಮುಂಗಾರಿನ ಹೊತ್ತಿಗೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಕೆಳಗಿನ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೆ ಬರುತ್ತದೆ, ನದಿಗಳೂ ಗೊಬ್ಬರ ತಂದು ಸುರಿಯುತ್ತವೆ. ಅದನ್ನು ಉಂಡು ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಹೆಚ್ಚುತ್ತವೆ. ಆ ಡಯಾಟಮ್‌ಗಳನ್ನು ತಿಂದು ನಾಕ್ಟಿಲ್ಯೂಕಾ ಹೆಚ್ಚುತ್ತದೆ. ಹಾಗಾಗಿ ಮಳೆಗಾಲದ ಕೊನೆಯಿಂದ ಡಿಸೆಂಬರ್‌ವರೆಗೆ ಕಣ್ಣಿಡಬೇಕು.

ಅಮಾವಾಸ್ಯೆಯ ಆಚೀಚೆ ಹೋಗಿ, ಅಂಗಡಿ ಮತ್ತು ರಸ್ತೆ ದೀಪಗಳಿಂದ ದೂರ ನಿಲ್ಲಿ. ಫೋನು ಒಳಗಿಡಿ, ಯಾಕೆಂದರೆ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಒಂದು ಸಲ ಸ್ಕ್ರೀನ್ ನೋಡಿದರೆ ಮತ್ತೆ ಮೊದಲಿಂದ ಶುರು. ಅಲೆಯಲ್ಲಿ ಏನೂ ಕಾಣದಿದ್ದರೂ ಒದ್ದೆ ಮರಳಿನ ಮೇಲೆ ಕಾಲು ಎಳೆದು ನೋಡಿ. ಹಿಮ್ಮಡಿಯ ಸುತ್ತ ಚುಕ್ಕಿ ಚುಕ್ಕಿಯಾಗಿ ಮಿಂಚಿದರೆ ಜೀವಿಗಳು ಇವೆ, ಸಂಖ್ಯೆ ಕಡಿಮೆ ಇದೆ ಅಷ್ಟೇ. ಹೋಗುವ ಮೊದಲು ಅಲ್ಲಿನ ಮೀನುಗಾರರನ್ನು ಕೇಳಿ. ಬಲೆ ಎಳೆಯುವಾಗ ನೀರು ಮಿಂಚುತ್ತಿದೆಯಾ ಅನ್ನುವುದು ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಕತ್ತಲ ರಾತ್ರಿಯಲ್ಲಿ ಮೀನಿನ ಗುಂಪು ಓಡಾಡುವಾಗ ಏಳುವ ಬೆಳಕನ್ನು ನೋಡಿಯೇ ಬಲೆ ಬೀಸುವುದು ಕಡಲಿನವರಿಗೆ ಹಳೆಯ ಅಭ್ಯಾಸ.

ನೋಡೋಕೆ ಹೇಗಿರುತ್ತೆ ಈ ಜೀವಿ? ಬರಿಗಣ್ಣಿಗೆ ಕಾಣುತ್ತಾ?

ಕಾಣುತ್ತದೆ, ಅದೇ ಇದರ ವಿಶೇಷ. ಇದು ಒಂದೇ ಜೀವಕೋಶದ ಜೀವಿ, ಆದರೂ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ನಷ್ಟು ದಪ್ಪ ಇರುತ್ತದೆ. ಕೆಲವು ಇನ್ನೂ ದೊಡ್ಡವು. ಗಾಜಿನ ಲೋಟದಲ್ಲಿ ನೀರು ತೆಗೆದು ಹಗಲಲ್ಲಿ ಬೆಳಕಿಗೆ ಹಿಡಿದರೆ ಮೇಲ್ಭಾಗದಲ್ಲಿ ತೇಲುವ ಸಣ್ಣ ಸಣ್ಣ ಪಾರದರ್ಶಕ ಗುಂಡುಗಳು ಕಾಣುತ್ತವೆ, ನೆನೆಸಿದ ಸಾಬಕ್ಕಿಯನ್ನು ಸಾಸಿವೆಗಿಂತ ಚಿಕ್ಕದಾಗಿ ಕುಗ್ಗಿಸಿದ ಹಾಗೆ.

ಶಾಲೆಯ ಸಾಧಾರಣ ಮೈಕ್ರೋಸ್ಕೋಪ್ ಸಾಕು, ಅತಿ ಕಡಿಮೆ ಲೆನ್ಸ್‌ನಲ್ಲೇ ಪೂರ್ತಿ ಕೋಶ ಸಿಗುತ್ತದೆ. ಗುಂಡಿನ ಒಂದು ಕಡೆ ಒಳಕ್ಕೆ ಮಡಚಿದ ಜಾಗ ಇರುತ್ತದೆ, ಅಲ್ಲಿಂದ ಒಂದು ಬಾಲದಂಥ ಎಳೆ ಹೊರಬಂದಿರುತ್ತದೆ. ಆ ಎಳೆ ನಿಧಾನವಾಗಿ ಬಾಗುತ್ತಾ ಆಹಾರವನ್ನು ಹಿಡಿದು ಒಳಗೆ ತಳ್ಳುತ್ತದೆ. ಕೋಶದ ಜೀವಂತ ಭಾಗವೆಲ್ಲ ಆ ಮಡಿಕೆಯ ಹತ್ತಿರ ಗುಡ್ಡೆಯಾಗಿ, ಅಲ್ಲಿಂದ ತೆಳ್ಳನೆ ದಾರಗಳಾಗಿ ಅಂಚಿನ ಕಡೆ ಹರಡಿರುತ್ತದೆ. ಉಳಿದ ಹೊಟ್ಟೆಯೆಲ್ಲ ದ್ರವ ತುಂಬಿದ ಒಂದು ದೊಡ್ಡ ಚೀಲ. ಆ ಚೀಲದಲ್ಲಿರುವ ದ್ರವ ಹುಳಿ, ಅಂದರೆ ಆಮ್ಲೀಯ. ಇದೊಂದನ್ನು ನೆನಪಿಟ್ಟುಕೊಳ್ಳಿ, ಬೆಳಕಿನ ಗುಟ್ಟು ಇಲ್ಲೇ ಇದೆ.

ಮುಟ್ಟಿದ್ರೆ ತೊಂದ್ರೆನಾ? ಮಕ್ಕಳನ್ನ ನೀರಿಗೆ ಬಿಡಬಹುದಾ?

ಕಾಲು ಒದ್ದೆ ಮಾಡಿಕೊಳ್ಳುವುದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ನಾಕ್ಟಿಲ್ಯೂಕಾ ಮನುಷ್ಯರಿಗೆ ಹಾನಿ ಮಾಡುವ ವಿಷ ತಯಾರಿಸುವುದಾಗಿ ತಿಳಿದಿಲ್ಲ. ಆದರೆ ಅದರ ಚೀಲದಲ್ಲಿ ಅಮೋನಿಯಂ ಜಾಸ್ತಿ ಇರುತ್ತದೆ, ಅದರಿಂದಲೇ ಅದು ತೇಲುವುದು. ಜೀವಿಗಳು ಒಟ್ಟಿಗೆ ಸತ್ತಾಗ ಆ ಅಮೋನಿಯಾ ನೀರಿಗೆ ಬರುತ್ತದೆ, ಕೊಳೆಯುವಾಗ ಆಮ್ಲಜನಕವೂ ಕಡಿಮೆಯಾಗುತ್ತದೆ, ಮೀನು ಸಾಯಬಹುದು. ಹಾಗಾಗಿ ಹಗಲಲ್ಲೇ ಒಮ್ಮೆ ನೋಡಿ. ನೀರು ಗಟ್ಟಿಯಾಗಿ ಕೆಂಪು ಅಥವಾ ಹಸಿರಾಗಿದ್ದರೆ, ಕೆಟ್ಟ ವಾಸನೆ ಬರುತ್ತಿದ್ದರೆ, ಸತ್ತ ಮೀನು ದಡಕ್ಕೆ ಬಂದಿದ್ದರೆ ಇಳಿಯಬೇಡಿ.

ನನ್ನನ್ನು ಕೇಳಿದರೆ ನಿಜವಾದ ಅಪಾಯ ಕತ್ತಲದ್ದು. ಬೆಳಕು ನೋಡುತ್ತಾ ನೋಡುತ್ತಾ ಮೊಣಕಾಲಿಗಿಂತ ಮೇಲೆ ಹೋಗಿಬಿಡುತ್ತಾರೆ, ಆ ಹೊತ್ತಿನಲ್ಲಿ ಅಲೆ ಎಳೆದುಕೊಂಡು ಹೋದರೆ ನೋಡುವವರೂ ಇರುವುದಿಲ್ಲ. ದಡದಲ್ಲೇ ನಿಂತು ನೋಡಿ.

ನಮ್ಮ ಬೆಂಗಳೂರಿನ ಕೆರೆಗಳಲ್ಲಿ ಯಾಕೆ ಹೀಗೆ ಆಗಲ್ಲ?

ಸಿಹಿನೀರಿನಲ್ಲಿ ಬೆಳಗುವ ಜೀವಿಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನ್ಯೂಜಿಲೆಂಡ್‌ನ ಹೊಳೆಗಳಲ್ಲಿರುವ ಲೇಷಿಯಾ ಎಂಬ ಪುಟ್ಟ ಬಸವನಹುಳು ಅಂಥ ಅಪರೂಪದ್ದು. ನಾಕ್ಟಿಲ್ಯೂಕಾಗೆ ಉಪ್ಪುನೀರೇ ಬೇಕು, ಹಲಸೂರು ಕೆರೆಗೆ ಹಾಕಿದರೆ ಒಡೆದು ಸಾಯುತ್ತದೆ.

## ಬೆಳಕು ಹುಟ್ಟುವುದು ಹೇಗೆ

ಇದಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ? ಬಿಸಿ ಆಗಲ್ವಾ?

ಇದು ರಾಸಾಯನಿಕ ಕ್ರಿಯೆಯಿಂದ ಬರುವ ತಣ್ಣನೆಯ ಬೆಳಕು. ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದ ಜೊತೆ ಸೇರುತ್ತದೆ, ಲೂಸಿಫೆರೇಸ್ ಎಂಬ ಕಿಣ್ವ ಅದನ್ನು ಸೇರಿಸುತ್ತದೆ. ಸೇರಿದಾಗ ಹುಟ್ಟುವ ಅಣುವಿನಲ್ಲಿ ಶಕ್ತಿ ಹೆಚ್ಚಾಗಿ ಉಳಿದಿರುತ್ತದೆ. ಆ ಶಕ್ತಿ ಬೆಳಕಾಗಿ ಹೊರಬೀಳುತ್ತದೆ.

ಎರಡು ವಸ್ತು ಬೇಕು ಅನ್ನುವುದು ಗೊತ್ತಾದ ರೀತಿ ಬಹಳ ಚೆನ್ನಾಗಿದೆ. 1880ರ ದಶಕದಲ್ಲಿ ಫ್ರಾನ್ಸಿನ ರಫಾಯೆಲ್ ದ್ಯುಬುವಾ ಬೆಳಗುವ ಚಿಪ್ಪುಜೀವಿಯನ್ನು ತಣ್ಣೀರಿನಲ್ಲಿ ಅರೆದರು. ರಸ ಬೆಳಗಿತು, ಸ್ವಲ್ಪ ಹೊತ್ತಿಗೆ ಆರಿತು. ಇನ್ನೊಂದನ್ನು ಬಿಸಿನೀರಿನಲ್ಲಿ ಅರೆದರು, ಅದು ಬೆಳಗಲೇ ಇಲ್ಲ. ಆರಿಹೋದ ತಣ್ಣನೆ ರಸಕ್ಕೆ ಬಿಸಿನೀರಿನ ರಸವನ್ನು, ತಣ್ಣಗಾದ ಮೇಲೆ, ಬೆರೆಸಿದಾಗ ಮತ್ತೆ ಬೆಳಕು ಬಂತು! ತಣ್ಣೀರಿನದರಲ್ಲಿ ಉರಿಯುವ ವಸ್ತು ಖರ್ಚಾಗಿತ್ತು, ಕಿಣ್ವ ಉಳಿದಿತ್ತು. ಬಿಸಿನೀರಿನದರಲ್ಲಿ ಕಿಣ್ವ ಹಾಳಾಗಿತ್ತು, ವಸ್ತು ಉಳಿದಿತ್ತು. ಲೂಸಿಫೆರಿನ್, ಲೂಸಿಫೆರೇಸ್ ಅನ್ನುವ ಹೆಸರು ಇಟ್ಟವರೂ ಅವರೇ.

ಇವು ಎಲ್ಲ ಜೀವಿಗಳಲ್ಲೂ ಒಂದೇ ವಸ್ತು ಅಲ್ಲ. ಮಿಂಚುಹುಳದ್ದು ಬೇರೆ, ಜೆಲ್ಲಿಮೀನಿನದು ಬೇರೆ. ನಾಕ್ಟಿಲ್ಯೂಕಾ ಸೇರಿದ್ದು ಡೈನೋಫ್ಲಾಜೆಲೇಟ್ ಎಂಬ ಒಂದೇ ಕೋಶದ ಜೀವಿಗಳ ಗುಂಪಿಗೆ. ಆ ಗುಂಪಿನ ಲೂಸಿಫೆರಿನ್ ರಚನೆಯಲ್ಲಿ ಎಲೆಯ ಹಸಿರು ಬಣ್ಣಕ್ಕೆ ಹತ್ತಿರದ ಸಂಬಂಧಿ.

ಸುಮ್ನೆ ಇದ್ದಾಗ ಕತ್ತಲು, ಅಲೆ ಮುರಿದಾಗ ಮಾತ್ರ ಬೆಳಕು. ಅದಕ್ಕೆ ಹೇಗೆ ಗೊತ್ತಾಗುತ್ತೆ?

ನನಗೆ ಎಲ್ಲಕ್ಕಿಂತ ಇಷ್ಟದ ಪ್ರಶ್ನೆ ಇದು. ಕಣ್ಣಿಲ್ಲ, ನರವಿಲ್ಲ, ಮೆದುಳಿಲ್ಲ, ಒಂದೇ ಕೋಶ. ಆದರೂ ಮುಟ್ಟಿದ ಕೂಡಲೇ, ಸೆಕೆಂಡಿನ ನೂರನೇ ಒಂದೆರಡು ಭಾಗದಲ್ಲಿ ಬೆಳಕು ಶುರುವಾಗುತ್ತದೆ, ಸುಮಾರು ಹತ್ತನೇ ಒಂದು ಸೆಕೆಂಡಿನಲ್ಲಿ ಮುಗಿದೂ ಹೋಗುತ್ತದೆ.

ಆ ಹುಳಿ ಚೀಲಕ್ಕೆ ವಾಪಸ್ ಬನ್ನಿ. ಚೀಲದ ಅಂಚಿಗೆ ಅಂಟಿಕೊಂಡಂತೆ ಸಾವಿರಾರು ಸೂಕ್ಷ್ಮ ಬೆಳಕಿನ ಕಣಗಳಿರುತ್ತವೆ. ಅವಕ್ಕೆ ಸಿಂಟಿಲಾನ್ ಅನ್ನುತ್ತಾರೆ. ಒಂದೊಂದೂ ಸುಮಾರು ಅರ್ಧ ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನಲ್ಲಿ ಎರಡು ಸಾವಿರ ಸಾಲಾಗಿ ನಿಲ್ಲುತ್ತವೆ. ಲೂಸಿಫೆರಿನ್ ಮತ್ತು ಲೂಸಿಫೆರೇಸ್ ಎರಡೂ ಈ ಕಣದಲ್ಲೇ ಇವೆ, ಆಮ್ಲಜನಕವೂ ಸಿಗುತ್ತದೆ. ಹಾಗಿದ್ದರೆ ಯಾವಾಗಲೂ ಯಾಕೆ ಬೆಳಗುವುದಿಲ್ಲ? ಹುಳಿಯನ್ನು ಅಳೆಯುವುದು ಪಿಎಚ್‌ನಲ್ಲಿ, ಅದು ಇಳಿದಷ್ಟೂ ಹುಳಿ ಜಾಸ್ತಿ. ಕಣದ ಒಳಗಿನ ಪಿಎಚ್ ಸಾಧಾರಣವಾಗಿ 8ರ ಹತ್ತಿರ ಇರುತ್ತದೆ. ಆ ಮಟ್ಟದಲ್ಲಿ ಕಿಣ್ವ ಕೆಲಸ ಮಾಡುವುದಿಲ್ಲ, ಲೂಸಿಫೆರಿನ್ ಕೂಡ ಒಂದು ಪ್ರೋಟೀನಿನ ಹಿಡಿತದಲ್ಲಿರುತ್ತದೆ. ಪಿಎಚ್ 6ರ ಹತ್ತಿರಕ್ಕೆ ಇಳಿದರೆ ಹಿಡಿತ ಬಿಡುತ್ತದೆ, ಕಿಣ್ವವೂ ಚುರುಕಾಗುತ್ತದೆ. ಅಂದರೆ ಬೇಕಾದದ್ದು ಸ್ವಲ್ಪ ಹುಳಿ ಮಾತ್ರ, ಮತ್ತು ಹುಳಿ ಚೀಲ ಪಕ್ಕದಲ್ಲೇ ಇದೆ.

ಈಗ ಅಲೆ ಮುರಿಯಿತು ಅಂದುಕೊಳ್ಳಿ. ಸುಮ್ಮನೆ ತೇಲಿಸಿಕೊಂಡು ಹೋಗುವ ನೀರಿನಿಂದ ಏನೂ ಆಗುವುದಿಲ್ಲ. ಪಕ್ಕಪಕ್ಕದ ನೀರು ಬೇರೆ ಬೇರೆ ವೇಗದಲ್ಲಿ ಉಜ್ಜಿಕೊಂಡು ಹೋದಾಗ ಕೋಶದ ಹೊರಪೊರೆ ಎಳೆದಂತಾಗುತ್ತದೆ. ಆ ಎಳೆತ ಕ್ಯಾಲ್ಸಿಯಂ ಸಂಕೇತವಾಗಿ ಬದಲಾಗಿ, ಚೀಲದ ಪೊರೆಯ ಮೇಲೆ ಒಂದು ವಿದ್ಯುತ್ ಮಿಡಿತ ಹೊರಡುತ್ತದೆ. ನಮ್ಮ ನರಗಳಲ್ಲಿ ಓಡುವುದೂ ಇಂಥದೇ ಮಿಡಿತ. ಮಿಡಿತ ಹೋದಲ್ಲೆಲ್ಲ ಹುಳಿಗೆ ಕಾರಣವಾದ ಪ್ರೋಟಾನ್‌ಗಳನ್ನು ಬಿಡುವ ಪೊರೆಯ ಮೇಲಿನ ಬಾಗಿಲುಗಳು ತೆರೆಯುತ್ತವೆ, ಚೀಲದ ಹುಳಿ ಸಿಂಟಿಲಾನ್‌ಗಳ ಒಳಗೆ ನುಗ್ಗುತ್ತದೆ, ಬೆಳಕು ಬರುತ್ತದೆ. ಒಂದು ಕಡೆ ಮುಟ್ಟಿದರೂ ಪೂರ್ತಿ ಕೋಶ ಬೆಳಗುವುದು ಮಿಡಿತ ಸುತ್ತ ಹರಡುವುದರಿಂದಲೇ.

1960ರ ದಶಕದಲ್ಲಿ ರೋಜರ್ ಎಕರ್ಟ್ ನಾಕ್ಟಿಲ್ಯೂಕಾದ ಚೀಲಕ್ಕೇ ಸೂಕ್ಷ್ಮ ಎಲೆಕ್ಟ್ರೋಡ್ ಚುಚ್ಚಿ ಮಿಡಿತ ಮೊದಲು, ಮಿಂಚು ಆಮೇಲೆ ಎಂದು ತೋರಿಸಿದರು. ಕೋಶ ಅಷ್ಟು ದೊಡ್ಡದಿದ್ದದ್ದರಿಂದ ಅದು ಸಾಧ್ಯವಾಯಿತು. ಪ್ರೋಟಾನ್ ಬಾಗಿಲು ಇರಲೇಬೇಕು ಎಂದು 1972ರಲ್ಲಿ ವುಡಿ ಹೇಸ್ಟಿಂಗ್ಸ್ ತಂಡ ಊಹಿಸಿತು. ಅಂಥ ಬಾಗಿಲಿನ ಜೀನ್ ಒಂದು ಡೈನೋಫ್ಲಾಜೆಲೇಟ್‌ನಲ್ಲಿ ಸಿಕ್ಕಿದ್ದು 2011ರಲ್ಲಿ. ಸುಮಾರು ನಲವತ್ತು ವರ್ಷ ಆ ಊಹೆ ಕಾದಿತ್ತು.

ವಿನಿಗರ್ ಹಾಕಿದ್ರೆ ಹೊಳೆಯುತ್ತೆ ಅಂತಾರೆ, ಹೌದಾ? ಬಾಟಲಿಯಲ್ಲಿ ಬೆಂಗಳೂರಿಗೆ ತರಬಹುದಾ?

ಹೌದು, ಹೊಳೆಯುತ್ತದೆ. ಈಗ ಹೇಳಿದ್ದೆಲ್ಲ ಸರಿಯಾ ಅಂತ ಪರೀಕ್ಷಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಬೆಂಗಳೂರಿಗೆ ತರುವ ಆಸೆ ಬಿಡಿ. ಬಸ್ಸಿನ ಕುಲುಕಾಟಕ್ಕೆ ರಾತ್ರಿಯಿಡೀ ಮಿಂಚಿ ಮಿಂಚಿ ಸುಸ್ತಾಗುತ್ತವೆ, ಮುಚ್ಚಿದ ಬಾಟಲಿಯಲ್ಲಿ ಬಿಸಿಯಾಗಿ ಬಹಳಷ್ಟು ಸಾಯುತ್ತವೆ. ಉಳಿದುಕೊಂಡ ರೂಮಿನಲ್ಲೇ ಮಾಡಿ.

ಅಲೆ ಮಿಂಚುತ್ತಿರುವ ಜಾಗದಿಂದ ಅಗಲ ಬಾಯಿಯ ಡಬ್ಬದಲ್ಲಿ ನಿಧಾನವಾಗಿ ನೀರು ತುಂಬಿಕೊಳ್ಳಿ. ರೂಮಿನಲ್ಲಿ ದೀಪ ಆರಿಸಿ, ಕರ್ಟನ್ ಎಳೆದು, ಡಬ್ಬವನ್ನು ಅರ್ಧ ಗಂಟೆ ಅಲುಗಾಡಿಸದೆ ಇಡಿ. ಅಷ್ಟರಲ್ಲಿ ನಿಮ್ಮ ಕಣ್ಣೂ ಕತ್ತಲಿಗೆ ಒಗ್ಗಿರುತ್ತದೆ, ಜೀವಿಗಳೂ ಮೇಲಕ್ಕೆ ತೇಲಿ ಬಂದಿರುತ್ತವೆ. ಮೇಲಿನ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ, ಸ್ವಲ್ಪ ಹೊತ್ತು ಬಿಟ್ಟು ಲೋಟಕ್ಕೆ ಬೆರಳಿಂದ ತಟ್ಟಿ. ಚುಕ್ಕಿಗಳು ಮಿಂಚುತ್ತವೆ. ಮತ್ತೆ ತಟ್ಟಿ, ಮತ್ತೆ ತಟ್ಟಿ. ಬರಬರುತ್ತಾ ಮಿಂಚು ಮಂಕಾಗುತ್ತದೆ.

ಈಗ ಒಂದು ಚಮಚ ವಿನಿಗರ್ ಹಾಕಿ. ಯಾರೂ ಮುಟ್ಟದೆಯೇ, ಹುಳಿ ಹರಡಿದಲ್ಲೆಲ್ಲ ಬೆಳಕು ಏಳುತ್ತದೆ. ತಟ್ಟಿದಾಗ ಬಂದಂತೆ ಮಿಂಚಿ ಮಾಯವಾಗುವುದಿಲ್ಲ, ಸ್ವಲ್ಪ ಹೊತ್ತು ಹಾಗೇ ಉಳಿದು ಆರುತ್ತದೆ. ವಿನಿಗರ್ ಪೊರೆಗಳನ್ನು ದಾಟಿ ಸಿಂಟಿಲಾನ್‌ಗಳ ಪಿಎಚ್ ಅನ್ನು ನೇರವಾಗಿ ಇಳಿಸಿತು. ಎಳೆತ, ಮಿಡಿತ, ಬಾಗಿಲು ಯಾವುದೂ ಬೇಕಾಗಲಿಲ್ಲ. ಪ್ರಯೋಗಾಲಯದಲ್ಲೂ ಒಂದು ಮಾದರಿಯಲ್ಲಿ ಒಟ್ಟು ಎಷ್ಟು ಬೆಳಕು ಉಳಿದಿದೆ ಎಂದು ಅಳೆಯಲು ಹೀಗೇ ಆಮ್ಲ ಹಾಕುತ್ತಾರೆ. ಇದರಿಂದ ಆ ಕೋಶಗಳು ಸಾಯುತ್ತವೆ, ಹಾಗಾಗಿ ಒಂದು ಲೋಟ ಸಾಕು. ಉಳಿದ ನೀರನ್ನು ಅದೇ ರಾತ್ರಿ ಕಡಲಿಗೆ ಬಿಡಿ.

ಏನೂ ಬೆಳಗದಿದ್ದರೆ? ತುಂಬುವಾಗಲೇ ಜೋರಾಗಿ ಕುಲುಕಿದ್ದೀರಿ ಎಂದರೆ ತಟ್ಟಿದಾಗ ಬರುವುದು ಕಡಿಮೆ, ವಿನಿಗರ್‌ಗೆ ಸ್ವಲ್ಪವಾದರೂ ಬರುತ್ತದೆ. ವಿನಿಗರ್‌ಗೂ ಬರದಿದ್ದರೆ ಲೋಟದಲ್ಲಿ ಜೀವಂತ ಕೋಶಗಳಿಲ್ಲ, ಅಥವಾ ಇರುವುದು ಬೆಳಗದ ಜಾತಿ.

ಯಾಕೆ ಯಾವಾಗ್ಲೂ ನೀಲಿ? ಕೆಂಪು, ಹಳದಿ ಯಾಕಿಲ್ಲ?

ಕಡಲ ನೀರು ಕೆಂಪನ್ನು ಕೆಲವೇ ಮೀಟರ್‌ಗಳಲ್ಲಿ ನುಂಗಿಬಿಡುತ್ತದೆ, ನೀಲಿ ಬಹಳ ದೂರ ಹೋಗುತ್ತದೆ. ನಾಕ್ಟಿಲ್ಯೂಕಾದ ಬೆಳಕಿನ ತರಂಗಾಂತರ 470 ನ್ಯಾನೋಮೀಟರ್ ಆಸುಪಾಸು, ಅಂದರೆ ನೀಲಿ, ತಿಳಿ ಕಡಲಲ್ಲಿ ಚೆನ್ನಾಗಿ ಸಾಗುವುದೂ ಅದೇ. ಕಡಲ ಪ್ರಾಣಿಗಳ ಕಣ್ಣುಗಳೂ ಬಹುಪಾಲು ಆ ಬಣ್ಣಕ್ಕೇ ಹೊಂದಿಕೊಂಡಿವೆ. ನೋಡುವವರಿಗೆ ಕಾಣದ ಬಣ್ಣದಿಂದ ಏನು ಪ್ರಯೋಜನ, ಅಲ್ವಾ? ಆಳದಲ್ಲಿ ಕೆಂಪು ಬೆಳಕು ಬಿಡುವ ಡ್ರ್ಯಾಗನ್‌ಮೀನುಗಳಿವೆ. ಬೇರೆಯವರಿಗೆ ಕಾಣದ ಬೆಳಕಿನಲ್ಲಿ ಅವು ಬೇಟೆ ಹುಡುಕುತ್ತವೆ.

## ಯಾಕೆ ಬೆಳಗುತ್ತವೆ

ಬೆಳಗಿದ್ರೆ ಶತ್ರುಗೆ ಇನ್ನೂ ಚೆನ್ನಾಗಿ ಕಾಣಲ್ವಾ? ಇದರಿಂದ ಲಾಭ ಏನು?

ಬೆಳಗುವ ಡೈನೋಫ್ಲಾಜೆಲೇಟ್‌ಗಳ ಶತ್ರುಗಳಲ್ಲಿ ಮುಖ್ಯವಾದವು ಕೋಪಿಪಾಡ್ ಎಂಬ ಪುಟ್ಟ ಸಿಗಡಿ ಸಂಬಂಧಿಗಳು. ಅವು ಕಣ್ಣಿಂದ ನೋಡಿ ಹಿಡಿಯುವುದಿಲ್ಲ, ನೀರಿನ ಅಲುಗಾಟ ಮತ್ತು ವಾಸನೆಯಿಂದ ಹುಡುಕುತ್ತವೆ. ಹಾಗಾಗಿ ಬೆಳಗಿದರೆ ಅವುಗಳಿಗೆ ಕಾಣುತ್ತೇವೆ ಅನ್ನುವ ಭಯ ಅಷ್ಟಿಲ್ಲ. ಆದರೆ ಕೋಪಿಪಾಡನ್ನು ತಿನ್ನುವ ಮೀನಿಗೆ ಕಣ್ಣಿದೆ.

ಕೋಪಿಪಾಡ್ ಕೋಶವನ್ನು ಮುಟ್ಟುತ್ತದೆ, ಕೋಶ ಮಿಂಚುತ್ತದೆ. ಮೊದಲ ಪರಿಣಾಮ ಬೆಚ್ಚಿಬೀಳುವುದು. ಕೋಪಿಪಾಡ್ ತಟಕ್ಕನೆ ಹಾರಿ ದೂರ ಹೋಗುತ್ತದೆ, ಎಷ್ಟೋ ಸಲ ಹಿಡಿದ ಕೋಶವನ್ನು ಬಿಟ್ಟುಬಿಡುತ್ತದೆ. ಎರಡನೆಯದು, ಕೋಪಿಪಾಡ್ ಎಲ್ಲಿದೆ ಎಂದು ಸುತ್ತಲಿನ ಮೀನುಗಳಿಗೆ ಗೊತ್ತಾಗುತ್ತದೆ. ಮಾರ್ಟಿನ್ ಬರ್ಕೆನ್‌ರೋಡ್ 1943ರಲ್ಲಿ ಮುಂದಿಟ್ಟ ಈ ವಿಚಾರಕ್ಕೆ ಬರ್ಗ್ಲರ್ ಅಲಾರ್ಮ್ ಎಂಬ ಹೆಸರು ಬಂದಿದೆ.

ಕೇಳಲು ಚೆಂದ, ಆದರೆ ನಿಜಾನಾ? 1993ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸ್ಟಿಕಲ್‌ಬ್ಯಾಕ್ ಎಂಬ ಸಣ್ಣ ಮೀನು, ಕೋಪಿಪಾಡ್ ಮತ್ತು ಡೈನೋಫ್ಲಾಜೆಲೇಟ್‌ಗಳನ್ನು ಕತ್ತಲಲ್ಲಿ ಒಟ್ಟಿಗೆ ಬಿಟ್ಟು ನೋಡಿದರು. ಬೆಳಗುವ ಕೋಶಗಳಿದ್ದ ನೀರಿನಲ್ಲಿ ಮೀನುಗಳು ಜಾಸ್ತಿ ಕೋಪಿಪಾಡ್ ತಿಂದವು. ಹೆಚ್ಚು ಪ್ರಕಾಶಮಾನವಾದ ಕೋಶಗಳನ್ನು ಕೋಪಿಪಾಡ್‌ಗಳು ಕಡಿಮೆ ತಿನ್ನುತ್ತವೆ ಅನ್ನುವುದನ್ನು ಅದಕ್ಕೂ ಮುಂಚಿನ ಪ್ರಯೋಗಗಳು ತೋರಿಸಿದ್ದವು.

ಇಲ್ಲಿ ಒಂದು ತೊಡಕಿದೆ, ಮಕ್ಕಳೂ ಇದನ್ನು ಕೇಳುತ್ತಾರೆ: ಮಿಂಚಿದ ಕೋಶ ಅಷ್ಟರಲ್ಲಿ ಕೋಪಿಪಾಡ್‌ನ ಹೊಟ್ಟೆ ಸೇರಿದ್ದರೆ? ಆಗ ಅದಕ್ಕೆ ಲಾಭವಿಲ್ಲ. ಆದರೆ ಈ ಜೀವಿಗಳು ಒಡೆದು ಎರಡಾಗಿ ಹೆಚ್ಚುವಂಥವು, ಸುತ್ತಮುತ್ತ ಇರುವವು ಬಹುಶಃ ಅದರದೇ ಪಡಿಯಚ್ಚುಗಳು, ಅವು ಉಳಿಯುತ್ತವೆ. ಬೆಚ್ಚಿಬೀಳಿಸುವ ಲಾಭ ಮಾತ್ರ ನೇರವಾಗಿ ಮಿಂಚಿದ ಕೋಶಕ್ಕೇ ಸಿಗುತ್ತದೆ. ಎರಡರಲ್ಲಿ ಯಾವುದು ದೊಡ್ಡದು ಎಂಬ ಚರ್ಚೆ ಇನ್ನೂ ಇದೆ, ನನಗೆ ಬೆಚ್ಚಿಬೀಳಿಸುವುದೇ ಮುಖ್ಯ ಅನ್ನಿಸುತ್ತದೆ.

ಅಲೆ ಮಿಂಚುವುದಕ್ಕೆ ಉದ್ದೇಶವೇನೂ ಇಲ್ಲ. ಕೋಪಿಪಾಡ್‌ಗಾಗಿ ಇಟ್ಟುಕೊಂಡ ವ್ಯವಸ್ಥೆ ಅಲೆಯ ಎಳೆತಕ್ಕೂ ಪ್ರತಿಕ್ರಿಯಿಸುತ್ತದೆ ಅಷ್ಟೇ.

ಆಳ ಸಮುದ್ರದ ಮೀನುಗಳೂ ಇದೇ ಕಾರಣಕ್ಕೆ ಬೆಳಗುತ್ತವಾ?

ಕೆಲವು ಹೌದು, ಬಹಳಷ್ಟು ಬೇರೆ ಕಾರಣಕ್ಕೆ. ತಲೆಯ ಮುಂದೆ ದೀಪ ನೇತುಹಾಕಿ ಬೇಟೆ ಕರೆಯುವ ಆಂಗ್ಲರ್‌ಮೀನು ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚು ಕಾಣುವುದು ಬಚ್ಚಿಟ್ಟುಕೊಳ್ಳುವ ಬೆಳಕು. ಲ್ಯಾಂಟರ್ನ್‌ಮೀನುಗಳ ಹೊಟ್ಟೆಯ ಕೆಳಗೆ ಬೆಳಕಿನ ಚುಕ್ಕಿಗಳಿವೆ. ಮೇಲಿನಿಂದ ಬರುವ ಮಂದ ಬೆಳಕಿನಷ್ಟೇ ಅವು ಬೆಳಗಿದರೆ ಕೆಳಗಿನಿಂದ ನೋಡುವ ಶತ್ರುವಿಗೆ ನೆರಳೇ ಕಾಣುವುದಿಲ್ಲ.

## ಇನ್ನೂ ಸ್ವಲ್ಪ ಆಳಕ್ಕೆ

ಹಾಲಿನ ಸಮುದ್ರ ಅಂತಾರಲ್ಲ, ಅದೂ ಇದೇನಾ?

ಅಲ್ಲ. ಅಲ್ಲಿ ಬೆಳಗುವುದು ಬ್ಯಾಕ್ಟೀರಿಯಾ. ವ್ಯತ್ಯಾಸ ಗುರುತಿಸುವುದು ಸುಲಭ: ನಾಕ್ಟಿಲ್ಯೂಕಾ ಅಲುಗಿದಲ್ಲಿ ಮಿಂಚಿ ಆರುತ್ತದೆ, ಹಾಲಿನ ಸಮುದ್ರ ಅಲುಗದಿದ್ದರೂ ದಿಗಂತದವರೆಗೆ ಒಂದೇ ಸಮನೆ ಬೆಳಗುತ್ತಿರುತ್ತದೆ. ಬ್ಯಾಕ್ಟೀರಿಯಾ ಒಂಟಿಯಾಗಿದ್ದಾಗ ಬೆಳಕು ಬಿಡುವುದಿಲ್ಲ, ಸುತ್ತ ಸಾಕಷ್ಟು ಜೊತೆಗಾರರಿದ್ದಾರೆ ಎಂದು ರಾಸಾಯನಿಕ ಸಂಕೇತದಿಂದ ತಿಳಿದ ಮೇಲೆ ಎಲ್ಲವೂ ಒಟ್ಟಿಗೆ ಶುರು ಮಾಡುತ್ತವೆ. 1995ರಲ್ಲಿ ಸೊಮಾಲಿಯಾ ಕಡೆಯ ಕಡಲಲ್ಲಿ ಲಿಮಾ ಎಂಬ ಹಡಗು ಇಂಥದ್ದರೊಳಗೆ ಗಂಟೆಗಟ್ಟಲೆ ಸಾಗಿತು. ಸ್ಟೀವನ್ ಮಿಲ್ಲರ್ ಮತ್ತು ಸಂಗಡಿಗರು ಹಳೆಯ ಉಪಗ್ರಹ ಚಿತ್ರಗಳಲ್ಲಿ ಆ ರಾತ್ರಿಯನ್ನು ಹುಡುಕಿ, ಸುಮಾರು 15,400 ಚದರ ಕಿಲೋಮೀಟರ್ ಬೆಳಗುತ್ತಿದ್ದದ್ದನ್ನು 2005ರಲ್ಲಿ ತೋರಿಸಿದರು.

ಹಗಲಲ್ಲಿ ನೀರು ಹಸಿರಾಗಿತ್ತು, ಕೆಲವು ಕಡೆ ಕೆಂಪು ಅಂತಾರೆ. ಒಂದೇ ಜೀವಿಗೆ ಎರಡು ಬಣ್ಣ ಹೇಗೆ?

ನಾಕ್ಟಿಲ್ಯೂಕಾದಲ್ಲಿ ಎರಡು ಬಗೆ. ಕೆಂಪು ಬಗೆಯದು ಪೂರ್ತಿ ಬೇಟೆಗಾರ, ಸಿಕ್ಕಿದ್ದನ್ನು ತಿನ್ನುತ್ತದೆ, ಮೀನಿನ ಮೊಟ್ಟೆಯನ್ನೂ ಬಿಡುವುದಿಲ್ಲ. ಹಸಿರು ಬಗೆಯದರ ಚೀಲದೊಳಗೆ ಸಾವಿರಾರು ಪುಟ್ಟ ಹಸಿರು ಪಾಚಿಕೋಶಗಳು ಜೀವಂತವಾಗಿ ಈಜಾಡಿಕೊಂಡಿರುತ್ತವೆ. ಅವು ಬಿಸಿಲಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೂ ಕೊಡುತ್ತವೆ, ಮೇಲಿಂದ ಇದು ಬೇಟೆಯನ್ನೂ ಆಡುತ್ತದೆ. ಎರಡು ಕಡೆಯಿಂದ ಆದಾಯ ಇರುವುದರಿಂದ ಬಹಳ ಬೇಗ ಹೆಚ್ಚಬಲ್ಲದು. ಇದು ಬೆಚ್ಚಗಿನ ನೀರಿನ ಬಗೆ, ಉತ್ತರ ಅರಬ್ಬೀ ಸಮುದ್ರದಲ್ಲಿ ಚಳಿಗಾಲದ ಕೊನೆಯಲ್ಲಿ ಹಸಿರು ಹಾಸಾಗಿ ಹರಡುತ್ತದೆ.

ಬಣ್ಣ ನೋಡಿ ಬೆಳಗುತ್ತದೋ ಇಲ್ಲವೋ ಹೇಳಲಾಗದು, ರಾತ್ರಿ ನೀರನ್ನು ಅಲುಗಿಸಿಯೇ ನೋಡಬೇಕು. ಅಮೆರಿಕದ ವಾಯುವ್ಯ ತೀರದ ಕೆಂಪು ನಾಕ್ಟಿಲ್ಯೂಕಾ ಬೆಳಗುವುದೇ ಇಲ್ಲ.

ಇದು ಜಾಸ್ತಿ ಆಗ್ತಿದೆ ಅಂತಾರೆ. ಮೀನುಗಾರಿಕೆಗೆ ಏನಾಗುತ್ತೆ?

ಉತ್ತರ ಅರಬ್ಬೀ ಸಮುದ್ರದ ಚಳಿಗಾಲದಲ್ಲಿ ಹಿಂದೆ ಡಯಾಟಮ್‌ಗಳದ್ದೇ ಮೇಲುಗೈ ಇತ್ತು. 2000ದ ನಂತರ ಹಸಿರು ನಾಕ್ಟಿಲ್ಯೂಕಾ ಅವುಗಳ ಜಾಗಕ್ಕೆ ಬಂದಿದೆ. ಆಮ್ಲಜನಕ ಕಡಿಮೆಯಾದ ನೀರು ಮೇಲಕ್ಕೆ ಬರುತ್ತಿರುವುದು ಇದಕ್ಕೆ ಅನುಕೂಲ ಎಂದು 2014ರಲ್ಲಿ ಒಂದು ತಂಡ ವಾದಿಸಿತು, ಒಳಗಿರುವ ಪಾಚಿಗಳು ಅಂಥ ನೀರಿನಲ್ಲಿ ಇನ್ನೂ ಚೆನ್ನಾಗಿ ಆಹಾರ ತಯಾರಿಸುತ್ತವೆ ಎಂದೂ ತೋರಿಸಿತು. ಆಮೇಲೆ ಭಾರತದ ಸಂಶೋಧಕರು ಆಮ್ಲಜನಕ ಚೆನ್ನಾಗಿರುವ ನೀರಿನಲ್ಲೂ ಇಂಥ ಹಾಸುಗಳನ್ನು ಕಂಡು ವರದಿ ಮಾಡಿದ್ದಾರೆ. ಹಾಗಾಗಿ ಒಂದೇ ಕಾರಣಕ್ಕೆ ಗಂಟು ಹಾಕುವುದು ಸರಿಯಲ್ಲ.

ಮೀನಿನ ಮೇಲಿನ ಪರಿಣಾಮ ಆಹಾರ ಸರಪಳಿಯಲ್ಲಿದೆ. ಡಯಾಟಮ್ ತಿನ್ನುವುದು ಕೋಪಿಪಾಡ್, ಕೋಪಿಪಾಡ್ ತಿನ್ನುವುದು ಮೀನು. ನಾಕ್ಟಿಲ್ಯೂಕಾ ದಪ್ಪ ಗುಂಡು, ಬಹುತೇಕ ಕೋಪಿಪಾಡ್‌ಗಳಿಗೆ ನುಂಗಲಾಗದಷ್ಟು ದೊಡ್ಡದು. ಮೇಲೆ ಕೋಪಿಪಾಡ್ ಎಂದೆನಲ್ಲ, ಅಲ್ಲಿನ ಪ್ರಯೋಗಗಳು ನಡೆದದ್ದು ಇದಕ್ಕಿಂತ ಚಿಕ್ಕ ಡೈನೋಫ್ಲಾಜೆಲೇಟ್‌ಗಳ ಮೇಲೆ. ಬೆಳೆದ ನಾಕ್ಟಿಲ್ಯೂಕಾವನ್ನು ಮುಖ್ಯವಾಗಿ ತಿನ್ನುವುದು ಸಾಲ್ಪ್ ಎಂಬ ಪಾರದರ್ಶಕ, ಲೋಳೆಯಂಥ ಮೈಯ ಜೀವಿಗಳು ಮತ್ತು ಜೆಲ್ಲಿಮೀನುಗಳು. ಅವನ್ನು ತಿನ್ನುವ ಮೀನುಗಳು ಕಡಿಮೆ. ಬೂತಾಯಿ, ಬಂಗುಡೆಗೆ ಹೋಗಬೇಕಾದ ಡಯಾಟಮ್ ನಡುವೆಯೇ ನಾಕ್ಟಿಲ್ಯೂಕಾ ಪಾಲಾದರೆ ಆಹಾರ ಜೆಲ್ಲಿಮೀನಿನ ಕಡೆ ತಿರುಗುತ್ತದೆ. ನಮ್ಮ ಕರಾವಳಿಯಲ್ಲಿ ಕಾಣುವ ಕೆಲವು ದಿನಗಳ ಮಿಂಚಿನಿಂದ ಇಷ್ಟು ದೂರ ಹೋಗುವುದಿಲ್ಲ. ತಿಂಗಳುಗಟ್ಟಲೆ, ಸಾವಿರಾರು ಚದರ ಕಿಲೋಮೀಟರ್ ಹರಡಿ ನಿಲ್ಲುವ ಒಮಾನ್ ಕಡೆಯ ಹಸಿರು ಹಾಸುಗಳಲ್ಲಿ ಇದು ನಿಜವಾದ ಚಿಂತೆ.